ಬಾಲಕ ಶಬ್ದದಿಂದ ಆರಂಭಿಸೋಣ: ಸಂಸ್ಕೃತದ ಅಕಾರಾಂತ ಪುಲ್ಲಿಂಗ ಶಬ್ದವನ್ನು ಎಂಟು ವಿಭಕ್ತಿಗಳಲ್ಲಿ ನಡೆಸುವ ಕ್ರಮ

ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ‘ಓಂ ನಮಃ ಶಿವಾಯ’ ಎಂಬ ಮಂತ್ರವನ್ನು ಕೇಳದೆ ಹೊರಬಂದವರಿಲ್ಲ. ಅದರ ಕೊನೆಯ ಪದವನ್ನು ‘ಶಿವನಿಗೆ’ ಎಂದು ನಾವು ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಅದೇ ಅರ್ಥದ ‘ಶಿವನಿಗೆ ನಮಸ್ಕರಿಸುತ್ತೇನೆ’ ಎಂಬ ವಾಕ್ಯವನ್ನು ಸಂಸ್ಕೃತಕ್ಕೆ ತಿರುಗಿಸಿದರೆ ‘ಶಿವಂ ನಮಾಮಿ’ ಎಂದಾಗುತ್ತದೆ. ಅಲ್ಲಿ ‘ಶಿವಾಯ’ ಬರುವುದಿಲ್ಲ. ಕನ್ನಡದಲ್ಲಿ ಎರಡೂ ಕಡೆ ‘ಗೆ’ ಇದೆ, ಸಂಸ್ಕೃತದಲ್ಲಿ ಒಂದು ಕಡೆ ಚತುರ್ಥೀ, ಇನ್ನೊಂದು ಕಡೆ ದ್ವಿತೀಯಾ. ಧಾರವಾಡದಲ್ಲಿ ಸಂಜೆಯ ಹೊತ್ತು ಆರಂಭಿಕರಿಗೆ ಸಂಸ್ಕೃತ ಹೇಳಿಕೊಡುವಾಗ ನಾನು ಕಂಡುಕೊಂಡದ್ದು ಇದು: ಶಬ್ದರೂಪದ ಪಟ್ಟಿ ಒಂದು ವಾರದಲ್ಲಿ ಬಾಯಿಗೆ ಬರುತ್ತದೆ, ಆದರೆ ಕನ್ನಡದ ‘ಗೆ’ ಮತ್ತು ‘ಇಂದ’ ಎಂಬ ಎರಡು ಪ್ರತ್ಯಯಗಳು ತಿಂಗಳುಗಟ್ಟಲೆ ದಾರಿ ತಪ್ಪಿಸುತ್ತವೆ. ಆದ್ದರಿಂದ ಈ ಬರಹದಲ್ಲಿ ಮೊದಲು ರೂಪಗಳನ್ನು ಕಟ್ಟುವ ಕ್ರಮವನ್ನು ಹೇಳಿ, ಅನಂತರ ಆ ಎರಡು ಪ್ರತ್ಯಯಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲ ಹೆಜ್ಜೆ: ಶಬ್ದ ನಿಜವಾಗಿ ಅಕಾರಾಂತ ಪುಲ್ಲಿಂಗವೇ ಎಂದು ನೋಡುವುದು

ವಿಭಕ್ತಿ ಪ್ರತ್ಯಯ ಸೇರುವ ಮೊದಲಿನ ಮೂಲರೂಪಕ್ಕೆ ಪ್ರಾತಿಪದಿಕ ಎಂದು ಹೆಸರು. ‘ಬಾಲಕಃ’ ಎಂಬುದು ಈಗಾಗಲೇ ಪ್ರತ್ಯಯ ಸೇರಿದ ಪದ, ಪ್ರಾತಿಪದಿಕ ‘ಬಾಲಕ’. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಬಾಲಕ, ಗ್ರಾಮ, ವೃಕ್ಷ, ಪುತ್ರ, ಸೂರ್ಯ ಮುಂತಾದ ತತ್ಸಮ ಪದಗಳನ್ನು ನಾವು ವಿಸರ್ಗವಿಲ್ಲದೆ ಪ್ರಾತಿಪದಿಕದ ರೂಪದಲ್ಲಿಯೇ ಬಳಸುತ್ತೇವೆ. ಅದರ ಜೊತೆಗೆ ಎರಡು ಎಚ್ಚರಿಕೆಗಳೂ ಇವೆ.

ಮೊದಲನೆಯದು ಲಿಂಗದ್ದು. ಕನ್ನಡದಲ್ಲಿ ಮರ, ಹಳ್ಳಿ, ಪಾಠ ಎಲ್ಲವೂ ನಪುಂಸಕಲಿಂಗ, ಏಕೆಂದರೆ ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಅಂಟಿಕೊಂಡಿರುತ್ತದೆ. ವೃಕ್ಷ, ಗ್ರಾಮ, ಪಾಠ, ವಿದ್ಯಾಲಯ ಇವೆಲ್ಲ ಪುಲ್ಲಿಂಗ. ಫಲ, ವನ, ಪುಸ್ತಕ ಇವು ನಪುಂಸಕಲಿಂಗ. ಗೆಳೆಯ ಎಂಬ ಅರ್ಥದ ‘ಮಿತ್ರ’ ಕೂಡ ನಪುಂಸಕಲಿಂಗವೇ. ನಪುಂಸಕಲಿಂಗದ ಅಕಾರಾಂತ ಶಬ್ದವು ಪ್ರಥಮಾ, ದ್ವಿತೀಯಾ ಮತ್ತು ಸಂಬೋಧನೆಯ ರೂಪಗಳಲ್ಲಿ ಮಾತ್ರ ಬೇರೆಯಾಗಿ, ತೃತೀಯೆಯಿಂದ ಸಪ್ತಮಿಯವರೆಗೆ ಪುಲ್ಲಿಂಗದಂತೆಯೇ ನಡೆಯುತ್ತದೆ. ಹೀಗಾಗಿ ಲಿಂಗ ತಪ್ಪಿದರೂ ಅರ್ಧಕ್ಕಿಂತ ಹೆಚ್ಚು ರೂಪಗಳು ಸರಿಯಾಗಿಯೇ ಬರುತ್ತವೆ, ಅದೇ ಕಾರಣಕ್ಕೆ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಕನ್ನಡದಲ್ಲಿ ‘ಅ’ದಿಂದ ಮುಗಿಯುವ ಎಲ್ಲ ತತ್ಸಮಗಳೂ ಸಂಸ್ಕೃತದಲ್ಲಿ ಅಕಾರಾಂತವಲ್ಲ. ರಾಜ, ಆತ್ಮ, ಯುವ ಎಂದು ನಾವು ಹೇಳುವ ಶಬ್ದಗಳು ಮೂಲದಲ್ಲಿ ರಾಜನ್, ಆತ್ಮನ್, ಯುವನ್ ಎಂಬ ನಕಾರಾಂತ ಶಬ್ದಗಳು. ‘ಪಿತ’ ಎಂಬುದು ಪಿತೃ. ಆದ್ದರಿಂದ ರಾಜನಿಂದ ಎನ್ನಲು ‘ರಾಜೇನ’ ಎಂದು ಬರೆದರೆ ತಪ್ಪು, ಅದು ‘ರಾಜ್ಞಾ’ ಎಂದಾಗಬೇಕು. ಅದೇ ಶಬ್ದ ‘ಮಹಾರಾಜ’ ಎಂಬ ಸಮಾಸದ ಕೊನೆಗೆ ಬಂದಾಗ ಮಾತ್ರ ಅಕಾರಾಂತವಾಗುತ್ತದೆ. ಅಲ್ಲಿ ‘ಮಹಾರಾಜೇನ’ ಎಂಬುದೇ ಸರಿ.

ಎರಡನೆಯ ಹೆಜ್ಜೆ: ಪಟ್ಟಿಯನ್ನು ಕಟ್ಟುವುದು

ರೂಢಿಯಲ್ಲಿ ಎಲ್ಲರೂ ‘ರಾಮ’ ಶಬ್ದದಿಂದ ಆರಂಭಿಸುತ್ತಾರೆ. ನಾನು ‘ಬಾಲಕ’ದಿಂದ ಆರಂಭಿಸುತ್ತೇನೆ. ರಾಮ ಶಬ್ದದಲ್ಲಿ ರೇಫವಿರುವುದರಿಂದ ಎರಡು ಕಡೆ ನಕಾರವು ಣಕಾರವಾಗುತ್ತದೆ, ಅದನ್ನೇ ಮೊದಲು ಬಾಯಿಪಾಠ ಮಾಡಿದವರು ‘ಬಾಲಕೇಣ’, ‘ದೇವೇಣ’ ಎಂದು ಎಲ್ಲ ಶಬ್ದಗಳಿಗೂ ಣಕಾರವನ್ನು ಹಚ್ಚುತ್ತಾರೆ. ಮೊದಲು ಪ್ರತ್ಯಯದ ಸಹಜ ರೂಪ ತಿಳಿಯಲಿ, ಅದರ ವಿಕಾರ ಆಮೇಲೆ ಬರಲಿ.

| ವಿಭಕ್ತಿ | ಏಕವಚನ | ದ್ವಿವಚನ | ಬಹುವಚನ |
|---|---|---|---|
| ಪ್ರಥಮಾ | ಬಾಲಕಃ | ಬಾಲಕೌ | ಬಾಲಕಾಃ |
| ದ್ವಿತೀಯಾ | ಬಾಲಕಮ್ | ಬಾಲಕೌ | ಬಾಲಕಾನ್ |
| ತೃತೀಯಾ | ಬಾಲಕೇನ | ಬಾಲಕಾಭ್ಯಾಮ್ | ಬಾಲಕೈಃ |
| ಚತುರ್ಥೀ | ಬಾಲಕಾಯ | ಬಾಲಕಾಭ್ಯಾಮ್ | ಬಾಲಕೇಭ್ಯಃ |
| ಪಂಚಮೀ | ಬಾಲಕಾತ್ | ಬಾಲಕಾಭ್ಯಾಮ್ | ಬಾಲಕೇಭ್ಯಃ |
| ಷಷ್ಠೀ | ಬಾಲಕಸ್ಯ | ಬಾಲಕಯೋಃ | ಬಾಲಕಾನಾಮ್ |
| ಸಪ್ತಮೀ | ಬಾಲಕೇ | ಬಾಲಕಯೋಃ | ಬಾಲಕೇಷು |
| ಸಂಬೋಧನ | ಹೇ ಬಾಲಕ | ಹೇ ಬಾಲಕೌ | ಹೇ ಬಾಲಕಾಃ |

ಮನೆಗಳು 24 ಇದ್ದರೂ ಬೇರೆ ಬೇರೆ ರೂಪಗಳು 17 ಮಾತ್ರ. ಏಕವಚನದ ಎಂಟೂ ಬೇರೆ, ದ್ವಿವಚನದ ಎಂಟು ಮನೆಗಳಲ್ಲಿ ಇರುವುದು ಮೂರೇ ರೂಪ, ಬಹುವಚನದಲ್ಲಿ ಆರು. ಆದ್ದರಿಂದ ದ್ವಿವಚನಕ್ಕೆ ಹೆದರಬೇಕಾಗಿಲ್ಲ: ಬಾಲಕೌ, ಬಾಲಕಾಭ್ಯಾಮ್, ಬಾಲಕಯೋಃ ಎಂಬ ಮೂರನ್ನು ಕಲಿತರೆ ಆ ಸಾಲು ಮುಗಿಯಿತು. ಸಂಬೋಧನೆಯೂ ಹೊಸ ಭಾರವಲ್ಲ. ವ್ಯಾಕರಣ ಶಾಸ್ತ್ರದಲ್ಲಿ ವಿಭಕ್ತಿಗಳು ಏಳೇ. ಕರೆಯುವಾಗ ಬಳಸುವುದೂ ಪ್ರಥಮಾ ವಿಭಕ್ತಿಯೇ. ಏಕವಚನದಲ್ಲಿ ವಿಸರ್ಗ ಬಿದ್ದುಹೋಗುವುದೊಂದೇ ವ್ಯತ್ಯಾಸ, ಅದರಿಂದಾಗಿ ಪಟ್ಟಿಯಲ್ಲಿ ಅದನ್ನು ಎಂಟನೆಯದಾಗಿ ಬರೆಯುವ ರೂಢಿ ಬಂದಿದೆ.

ಪಟ್ಟಿಯನ್ನು ಮೊದಲ ಮೂರು ದಿನ ಅಡ್ಡಸಾಲಿನಲ್ಲಿ, ಅಂದರೆ ‘ಬಾಲಕಃ ಬಾಲಕೌ ಬಾಲಕಾಃ’ ಎಂದು ಗಟ್ಟಿಯಾಗಿ ಹೇಳಬೇಕು. ಅನಂತರ ಏಕವಚನವನ್ನಷ್ಟೇ ಮೇಲಿನಿಂದ ಕೆಳಗೆ, ಬಹುವಚನವನ್ನಷ್ಟೇ ಮೇಲಿನಿಂದ ಕೆಳಗೆ ಹೇಳಬೇಕು. ಅಡ್ಡಸಾಲಿನ ಅಭ್ಯಾಸವೊಂದೇ ಇದ್ದವರನ್ನು ‘ಪಂಚಮೀ ಬಹುವಚನ ಯಾವುದು?’ ಎಂದು ಕೇಳಿದರೆ ಪ್ರಥಮೆಯಿಂದ ಇಳಿದು ಬರಬೇಕಾಗುತ್ತದೆ. ಹೇಳುವಾಗ ವಿಸರ್ಗವನ್ನು ನುಂಗಬಾರದು. ‘ಬಾಲಕಃ’ ಎಂಬುದನ್ನು ‘ಬಾಲಕ’ ಎಂದು ಉಚ್ಚರಿಸಿದರೆ ಅದು ಸಂಬೋಧನೆಯಾಗಿಬಿಡುತ್ತದೆ.

ಪ್ರತ್ಯಯ ಸೇರುವ ಮುನ್ನ ‘ಬಾಲಕ’ದ ಕೊನೆಯ ಅಕಾರಕ್ಕೆ ಏನಾಗುತ್ತದೆ ಎಂಬುದನ್ನೂ ಗಮನಿಸಿ. ‘ಭ್ಯಾಮ್’ ಮುಂದೆ ಬಂದಾಗ ಅದು ದೀರ್ಘವಾಗುತ್ತದೆ. ಬಹುವಚನದ ‘ಭ್ಯಃ’ ಮತ್ತು ‘ಸು’ ಮುಂದೆ ಬಂದಾಗ ಏಕಾರವಾಗುತ್ತದೆ. ಸಪ್ತಮೀ ಬಹುವಚನದ ಮೂಲ ಪ್ರತ್ಯಯ ‘ಸು’. ಅದು ‘ಷು’ ಆಗುವುದು ಹಿಂದಿನ ಏಕಾರದ ಕಾರಣದಿಂದ. ಸ್ತ್ರೀಲಿಂಗದ ‘ಲತಾಸು’ ಎಂಬಲ್ಲಿ ಹಿಂದೆ ಆಕಾರವಿರುವುದರಿಂದ ಸಕಾರ ಹಾಗೆಯೇ ಉಳಿಯುತ್ತದೆ.

ಮೂರನೆಯ ಹೆಜ್ಜೆ: ನ ಎಲ್ಲಿ ಣ ಆಗುತ್ತದೆ

ತೃತೀಯಾ ಏಕವಚನ ಮತ್ತು ಷಷ್ಠೀ ಬಹುವಚನ, ಈ ಎರಡೇ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಶಬ್ದದಲ್ಲಿ ಋ, ರ, ಷ ಇವುಗಳಲ್ಲಿ ಯಾವುದಾದರೂ ಇದ್ದು, ಅದಕ್ಕೂ ಪ್ರತ್ಯಯದ ನಕಾರಕ್ಕೂ ನಡುವೆ ಸ್ವರಗಳು, ಕವರ್ಗ, ಪವರ್ಗ, ಯ, ವ, ಹ ಇವು ಮಾತ್ರ ಇದ್ದರೆ ನಕಾರವು ಣಕಾರವಾಗುತ್ತದೆ. ನಡುವೆ ಚವರ್ಗ, ಟವರ್ಗ, ತವರ್ಗ ಅಥವಾ ಲ, ಶ, ಸ ಬಂದರೆ ಆಗುವುದಿಲ್ಲ. ಇದನ್ನು ನಾಲಿಗೆಯಿಂದಲೇ ಪರೀಕ್ಷಿಸಬಹುದು. ಋ, ರ, ಷ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಎದ್ದಿರುತ್ತದೆ. ಕಕಾರವನ್ನು ನಾಲಿಗೆಯ ಬುಡ ಹುಟ್ಟಿಸುತ್ತದೆ, ಪಕಾರವನ್ನು ತುಟಿಗಳು ಹುಟ್ಟಿಸುತ್ತವೆ. ತುದಿಗೆ ಅಲ್ಲಿ ಕೆಲಸವಿಲ್ಲವಾದ್ದರಿಂದ ಅದು ಎದ್ದಲ್ಲಿಯೇ ಇದ್ದು ನಕಾರವನ್ನು ಣಕಾರವಾಗಿ ಹೊರಡಿಸುತ್ತದೆ. ತಕಾರ, ಚಕಾರ, ಲಕಾರಗಳಿಗೆ ನಾಲಿಗೆಯ ಮುಂಭಾಗವೇ ಬೇಕಾದ್ದರಿಂದ ಆ ಸ್ಥಿತಿ ಕೆಡುತ್ತದೆ.

ನಮ್ಮ ಭಾಗದ ದೇವರ ಹೆಸರುಗಳನ್ನೇ ನಡೆಸಿ ನೋಡಿ. ಗದುಗಿನ ತ್ರಿಕೂಟೇಶ್ವರ: ಕೊನೆಯ ರೇಫಕ್ಕೂ ನಕಾರಕ್ಕೂ ನಡುವೆ ಸ್ವರ ಮಾತ್ರ ಇದೆ, ಆದ್ದರಿಂದ ‘ತ್ರಿಕೂಟೇಶ್ವರೇಣ’. ಹಾವೇರಿಯ ಸಿದ್ಧೇಶ್ವರನೂ ಹಾಗೆಯೇ, ‘ಸಿದ್ಧೇಶ್ವರೇಣ’. ಹುಬ್ಬಳ್ಳಿಯ ಸಿದ್ಧಾರೂಢ: ರೇಫವಿದೆ, ಆದರೆ ನಡುವೆ ಟವರ್ಗದ ಢಕಾರ ಅಡ್ಡ ಬಂದಿದೆ, ಆದ್ದರಿಂದ ‘ಸಿದ್ಧಾರೂಢೇನ’. ಗದುಗಿನ ವೀರನಾರಾಯಣ: ಶಬ್ದದ ಒಳಗಿನ ಣಕಾರವೇ ಟವರ್ಗದ್ದಾದ್ದರಿಂದ ಅದು ಮುಂದಿನದನ್ನು ತಡೆಯುತ್ತದೆ, ಆದ್ದರಿಂದ ‘ವೀರನಾರಾಯಣೇನ’. ಶಿಕ್ಷಕ ಮತ್ತು ಅಧ್ಯಾಪಕ ಎಂಬ ಎರಡು ಶಬ್ದಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳುವುದೂ ಒಳ್ಳೆಯದು: ಮೊದಲನೆಯದರಲ್ಲಿ ‘ಕ್ಷ’ದೊಳಗೆ ಷಕಾರ ಅಡಗಿರುವುದರಿಂದ ‘ಶಿಕ್ಷಕೇಣ’, ಎರಡನೆಯದರಲ್ಲಿ ಕಾರಣವೇ ಇಲ್ಲದಿರುವುದರಿಂದ ‘ಅಧ್ಯಾಪಕೇನ’.

ದ್ವಿತೀಯಾ ಬಹುವಚನದ ನಕಾರವು ಪದದ ಕೊನೆಯಲ್ಲಿರುವುದರಿಂದ ಅದಕ್ಕೆ ಈ ನಿಯಮ ಹತ್ತುವುದಿಲ್ಲ. ‘ಪುತ್ರಾನ್’, ‘ರಾಮಾನ್’ ಎಂದೇ ಬರೆಯಬೇಕು.

ನಾಲ್ಕನೆಯ ಹೆಜ್ಜೆ: ಕನ್ನಡದ ‘ಇಂದ’ವನ್ನು ಎರಡಾಗಿ ಸೀಳುವುದು

ಒಮ್ಮೆ ಹುಬ್ಬಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿಗೆ ‘ಬಾಲಕನು ಗ್ರಾಮದಿಂದ ರಥದಿಂದ ಬರುತ್ತಾನೆ’ ಎಂಬ ವಾಕ್ಯವನ್ನು ಕೊಟ್ಟಿದ್ದೆ. ಅವನು ‘ಬಾಲಕಃ ಗ್ರಾಮೇಣ ರಥೇನ ಆಗಚ್ಛತಿ’ ಎಂದು ಬರೆದ. ಗ್ರಾಮೇಣದಲ್ಲಿ ಣಕಾರ, ರಥೇನದಲ್ಲಿ ನಕಾರ, ಎರಡೂ ಸರಿಯಾಗಿದ್ದವು. ಅರ್ಥ ಮಾತ್ರ ಹಳ್ಳಿಯನ್ನೇ ವಾಹನ ಮಾಡಿಕೊಂಡು ಬಂದಂತಾಗಿತ್ತು. ತಿದ್ದಿದಾಗ ಅವನು, “ಸರ್, ಎರಡೂ ಕಡೆ ‘ಇಂದ’ ಅಂತನ ಅದ ಅಲ್ರೀ, ಮತ್ತ ಬ್ಯಾರೆ ಬ್ಯಾರೆ ವಿಭಕ್ತಿ ಯಾಕ?” ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ಕೊಟ್ಟಿದ್ದರೂ ನಾವು ಮಾತಿನಲ್ಲಿ ‘ಊರಿನ ದೆಸೆಯಿಂದ ಬಂದೆ’ ಎನ್ನುವುದಿಲ್ಲ. ಬಳಕೆಯ ಕನ್ನಡದಲ್ಲಿ ತೃತೀಯೆಗೂ ಪಂಚಮಿಗೂ ಒಂದೇ ‘ಇಂದ’.

ಅವನಿಗೆ ಕೊಟ್ಟ ಪರೀಕ್ಷೆಯನ್ನೇ ಇಲ್ಲಿಯೂ ಕೊಡುತ್ತೇನೆ. ‘ಇಂದ’ ಇರುವಲ್ಲಿ ‘ಬಿಟ್ಟು’ ಎಂದು ಹಾಕಿ ನೋಡಿ. ವಾಕ್ಯ ನಿಂತರೆ ಅದು ಪಂಚಮೀ. ‘ಬಳಸಿ’ ಎಂದು ಹಾಕಿದಾಗ ನಿಂತರೆ ಅದು ತೃತೀಯಾ. ಗ್ರಾಮವನ್ನು ಬಿಟ್ಟು, ರಥವನ್ನು ಬಳಸಿ ಬರುತ್ತಾನೆ. ಆದ್ದರಿಂದ ‘ಬಾಲಕಃ ಗ್ರಾಮಾತ್ ರಥೇನ ಆಗಚ್ಛತಿ’. ಎರಡೂ ಹೊಂದದಿದ್ದರೆ, ಆ ಪದ ಕೆಲಸ ಮಾಡಿದವನನ್ನು ಹೇಳುತ್ತಿದೆಯೇ ಎಂದು ಕೇಳಿಕೊಳ್ಳಿ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಲ್ಲಿ ಕೊಂದವನು ರಾಮ, ಆದ್ದರಿಂದ ತೃತೀಯಾ: ‘ರಾಮೇಣ ರಾವಣಃ ಹತಃ’.

ಈ ಪರೀಕ್ಷೆಗೆ ಮಿತಿಯೂ ಇದೆ. ‘ಆಚಾರ್ಯನಿಂದ ಪಾಠ ಕಲಿಯುತ್ತಾನೆ’ ಎಂಬಲ್ಲಿ ಆಚಾರ್ಯನನ್ನು ಬಿಡುವುದೂ ಇಲ್ಲ, ಬಳಸುವುದೂ ಇಲ್ಲ. ಯಾರಿಂದ ಕ್ರಮವಾಗಿ ವಿದ್ಯೆಯನ್ನು ಪಡೆಯುತ್ತೇವೆಯೋ ಅವರಿಗೆ ಪಂಚಮೀ ಎಂದು ನೇರವಾಗಿ ನೆನಪಿಡಬೇಕು: ‘ಆಚಾರ್ಯಾತ್ ಪಾಠಂ ಪಠತಿ’.

ಐದನೆಯ ಹೆಜ್ಜೆ: ಕನ್ನಡದ ‘ಗೆ’ಯನ್ನು ನಾಲ್ಕಾಗಿ ಸೀಳುವುದು

‘ಗೆ’ ಅಥವಾ ‘ಕ್ಕೆ’ ಕಂಡಲ್ಲೆಲ್ಲ ಚತುರ್ಥೀ ಹಾಕುವುದು ಕನ್ನಡಿಗರ ಸಹಜ ಪ್ರವೃತ್ತಿ. ಚತುರ್ಥಿಗೆ ನಿಜವಾಗಿ ಸಲ್ಲುವುದು ಕೊಡುವ ಕ್ರಿಯೆ, ‘ನಮಃ’ ಶಬ್ದ, ಮತ್ತು ರುಚಿಸುವುದು ಎಂಬರ್ಥದ ಕ್ರಿಯೆ. ‘ಬಾಲಕನಿಗೆ ಮೋದಕ ಕೊಡುತ್ತಾನೆ’ ಎಂಬುದು ‘ಬಾಲಕಾಯ ಮೋದಕಂ ಯಚ್ಛತಿ’; ‘ಬಾಲಕನಿಗೆ ಮೋದಕ ಇಷ್ಟ’ ಎಂಬುದು ‘ಬಾಲಕಾಯ ಮೋದಕಃ ರೋಚತೇ’. ಎರಡನೆಯ ವಾಕ್ಯದಲ್ಲಿ ಮೋದಕವೇ ಕರ್ತೃ, ಅದಕ್ಕೇ ಪ್ರಥಮಾ ಬಂದಿದೆ.

ಹೋಗುವ ಜಾಗಕ್ಕೆ ಬರುವ ‘ಗೆ’ ಸಾಮಾನ್ಯವಾಗಿ ದ್ವಿತೀಯೆಯಾಗುತ್ತದೆ: ‘ಊರಿಗೆ ಹೋಗುತ್ತಾನೆ’ ಎಂಬುದು ‘ಗ್ರಾಮಂ ಗಚ್ಛತಿ’. ‘ಗ್ರಾಮಾಯ ಗಚ್ಛತಿ’ ಎಂಬುದಕ್ಕೂ ಪಾಣಿನಿಯ ಸೂತ್ರದ ಒಪ್ಪಿಗೆ ಇದೆ, ಆದ್ದರಿಂದ ಅದನ್ನು ಕಂಡು ತಪ್ಪೆಂದು ಕೆಂಪು ಗೆರೆ ಎಳೆಯಬಾರದು. ಆದರೆ ಆರಂಭಿಕರು ದ್ವಿತೀಯೆಯನ್ನೇ ರೂಢಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಓದಿನಲ್ಲಿ ಹೆಚ್ಚಾಗಿ ಸಿಗುವುದು ಅದೇ. ‘ನಮಾಮಿ’ ಎಂಬ ಕ್ರಿಯಾಪದದ ಜೊತೆಗೂ ದ್ವಿತೀಯೆ ಬರುತ್ತದೆ ಎಂಬುದನ್ನು ಆರಂಭದಲ್ಲಿಯೇ ಕಂಡೆವು.

ಇರುವಿಕೆಯನ್ನು, ಒಡೆತನವನ್ನು ಹೇಳುವ ‘ಗೆ’ ಷಷ್ಠಿಯಾಗುತ್ತದೆ: ‘ಆಚಾರ್ಯನಿಗೆ ಒಬ್ಬ ಮಗನಿದ್ದಾನೆ’ ಎಂಬುದು ‘ಆಚಾರ್ಯಸ್ಯ ಪುತ್ರಃ ಅಸ್ತಿ’. ಹೆದರಿಕೆಯ ‘ಗೆ’ ಪಂಚಮಿಯಾಗುತ್ತದೆ: ‘ಹುಲಿಗೆ ಹೆದರುತ್ತಾನೆ’ ಎಂಬುದು ‘ವ್ಯಾಘ್ರಾತ್ ಬಿಭೇತಿ’. ಒಂದಕ್ಕಿಂತ ಇನ್ನೊಂದು ಹೆಚ್ಚು ಎನ್ನುವಾಗಿನ ‘ಗಿಂತ’ವೂ ಪಂಚಮಿಯೇ. ಹೀಗಾಗಿ ‘ಗೆ’ ಕಂಡಾಗ ಪ್ರತ್ಯಯವನ್ನು ನೋಡದೆ ಕ್ರಿಯಾಪದವನ್ನು ನೋಡುವ ಅಭ್ಯಾಸವಾಗಬೇಕು.

ಷಷ್ಠಿಯ ‘ಬಾಲಕನ’ ಮತ್ತು ಸಪ್ತಮಿಯ ‘ಗ್ರಾಮದಲ್ಲಿ’ ಇವು ಬಹುಪಾಲು ಕನ್ನಡದಂತೆಯೇ ನಡೆಯುವುದರಿಂದ ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ‘ಮರದ ಮೇಲೆ’ ಎನ್ನಲು ‘ವೃಕ್ಷೇ’ ಎಂದರೆ ಸಾಕು.

ಒಂದು ವಾಕ್ಯವನ್ನು ಪೂರ್ತಿಯಾಗಿ ಕಟ್ಟುವುದು

ಅಕಾರಾಂತ ಪುಲ್ಲಿಂಗ ಶಬ್ದಗಳನ್ನೇ ಬಳಸಿ ಈ ಕನ್ನಡ ವಾಕ್ಯವನ್ನು ಸಂಸ್ಕೃತಕ್ಕೆ ತರೋಣ: ‘ರೈತನ ಮಗನು ಹಳ್ಳಿಯಿಂದ ಹುಡುಗರ ಸಂಗಡ ವಿದ್ಯಾಲಯಕ್ಕೆ ಬರುತ್ತಾನೆ ಮತ್ತು ಆಚಾರ್ಯನಿಗೆ ಮೋದಕಗಳನ್ನು ಕೊಡುತ್ತಾನೆ.’

ಮೊದಲು ಕ್ರಿಯಾಪದಗಳನ್ನು ಹಿಡಿಯಿರಿ: ಆಗಚ್ಛತಿ, ಯಚ್ಛತಿ. ಬರುವವನೂ ಕೊಡುವವನೂ ಮಗನೇ, ಆದ್ದರಿಂದ ‘ಪುತ್ರಃ’. ಯಾರ ಮಗ? ‘ಕೃಷಕಸ್ಯ’. ಹಳ್ಳಿಯಿಂದ ಎಂದರೆ ಹಳ್ಳಿಯನ್ನು ಬಿಟ್ಟು, ಆದ್ದರಿಂದ ‘ಗ್ರಾಮಾತ್’. ಸಂಗಡ ಎಂಬುದಕ್ಕೆ ‘ಸಹ’, ಅದು ಯಾವಾಗಲೂ ತೃತೀಯೆಯನ್ನು ಬೇಡುತ್ತದೆ; ಕನ್ನಡದಲ್ಲಿ ಅಲ್ಲಿ ‘ಹುಡುಗರ’ ಎಂಬ ಷಷ್ಠಿ ಇರುವುದರಿಂದ ‘ಬಾಲಕಾನಾಂ ಸಹ’ ಎಂದು ಬರೆಯುವ ತಪ್ಪು ಆಗಾಗ ಕಾಣುತ್ತದೆ, ಸರಿಯಾದದ್ದು ‘ಬಾಲಕೈಃ ಸಹ’. ವಿದ್ಯಾಲಯಕ್ಕೆ ಎಂಬುದು ಹೋಗಿ ಸೇರುವ ಜಾಗ, ಆದ್ದರಿಂದ ದ್ವಿತೀಯಾ. ಮುಂದೆ ಸ್ವರವಿರುವುದರಿಂದ ಅನುಸ್ವಾರವನ್ನು ಬರೆಯದೆ ಮಕಾರವನ್ನೇ ಉಳಿಸಿ ‘ವಿದ್ಯಾಲಯಮ್’. ಆಚಾರ್ಯನಿಗೆ ಎಂಬುದು ಕೊಡುವ ಕ್ರಿಯೆಯ ‘ಗೆ’, ಆದ್ದರಿಂದ ‘ಆಚಾರ್ಯಾಯ’. ಮೋದಕಗಳನ್ನು ಎಂಬುದು ‘ಮೋದಕಾನ್’. ಎಲ್ಲ ಸೇರಿದಾಗ, ಪದಗಳ ನಡುವಿನ ಸಂಧಿಯನ್ನು ಸದ್ಯಕ್ಕೆ ಬದಿಗಿಟ್ಟು, ವಾಕ್ಯ ಹೀಗಾಗುತ್ತದೆ:

ಕೃಷಕಸ್ಯ ಪುತ್ರಃ ಗ್ರಾಮಾತ್ ಬಾಲಕೈಃ ಸಹ ವಿದ್ಯಾಲಯಮ್ ಆಗಚ್ಛತಿ, ಆಚಾರ್ಯಾಯ ಮೋದಕಾನ್ ಯಚ್ಛತಿ ಚ.

ಹುಡುಗರು ಇಬ್ಬರೇ ಆಗಿದ್ದರೆ ‘ಬಾಲಕಾಭ್ಯಾಂ ಸಹ’ ಎನ್ನಬೇಕಾಗಿತ್ತು. ಕನ್ನಡದಲ್ಲಿ ದ್ವಿವಚನವಿಲ್ಲದ ಕಾರಣ ‘ಇಬ್ಬರು’ ಎಂಬ ಪದ ಕಣ್ಣ ಮುಂದೆಯೇ ಇದ್ದರೂ ಕೈ ಬಹುವಚನವನ್ನು ಬರೆದುಬಿಡುತ್ತದೆ. ಕರ್ತೃಪದ ದ್ವಿವಚನವಾದರೆ ಕ್ರಿಯಾಪದವೂ ದ್ವಿವಚನವಾಗಬೇಕು: ‘ಬಾಲಕೌ ಪಠತಃ’.

ಪಟ್ಟಿಯನ್ನು ಮುಚ್ಚಿಟ್ಟು ನೀವೇ ಮಾಡಿ ನೋಡಲು ಒಂದು ವಾಕ್ಯ: ‘ಹುಲಿಗೆ ಹೆದರಿದ ಇಬ್ಬರು ಹುಡುಗರು ಮರದಿಂದ ಬೀಳುತ್ತಾರೆ.’ ನಿಮ್ಮ ಉತ್ತರದಲ್ಲಿ ‘ವ್ಯಾಘ್ರಾಯ’ ಎಂದಿದ್ದರೆ ಐದನೆಯ ಹೆಜ್ಜೆಗೆ, ‘ವೃಕ್ಷೇಣ’ ಎಂದಿದ್ದರೆ ನಾಲ್ಕನೆಯ ಹೆಜ್ಜೆಗೆ, ‘ಬಾಲಕಾಃ’ ಎಂದಿದ್ದರೆ ಈಗಷ್ಟೇ ಹೇಳಿದ ಮಾತಿಗೆ ಹಿಂದಿರುಗಬೇಕು. ಸರಿಯಾದ ವಾಕ್ಯ ‘ವ್ಯಾಘ್ರಾತ್ ಭೀತೌ ಬಾಲಕೌ ವೃಕ್ಷಾತ್ ಪತತಃ’. ಕನ್ನಡದ ‘ಗೆ’ಯೂ ‘ಇಂದ’ವೂ ಇಲ್ಲಿ ಒಂದೇ ಪಂಚಮಿಯಲ್ಲಿ ಬಂದು ಸೇರಿವೆ, ‘ಭೀತ’ ಎಂಬ ವಿಶೇಷಣವೂ ಅಕಾರಾಂತವೇ ಆದ್ದರಿಂದ ‘ಬಾಲಕೌ’ ಎಂಬುದರ ಲಿಂಗ, ವಚನ, ವಿಭಕ್ತಿಗಳನ್ನೇ ಹಿಡಿದು ‘ಭೀತೌ’ ಎಂದಾಗಿದೆ.